ಆಡಿಟರು ಬರೆಯುವ ಎರಡನೆಯ ಪತ್ರ



ವಾರ್ಷಿಕ ಮಹಾಸಭೆಯಲ್ಲಿ ಖಜಾಂಚಿಗಳು ಲೆಕ್ಕಪತ್ರ ಮಂಡಿಸುವ ಹೊತ್ತಿಗೆ ಸಾಮಾನ್ಯವಾಗಿ ಊಟದ ವೇಳೆ ಸಮೀಪಿಸಿರುತ್ತದೆ. ಆಡಿಟರ ವರದಿಯನ್ನು ಓದಲಾಗುತ್ತದೆ. ಲೆಕ್ಕಪತ್ರಗಳು ಸಂಘದ ಸ್ಥಿತಿಗತಿಯನ್ನು ನೈಜವಾಗಿ, ನ್ಯಾಯಯುತವಾಗಿ ತೋರಿಸುತ್ತವೆ ಎಂಬ ಮಾತು ಕಿವಿಗೆ ಬಿದ್ದೊಡನೆ ಒಬ್ಬರು ಸೂಚಿಸುತ್ತಾರೆ, ಇನ್ನೊಬ್ಬರು ಅನುಮೋದಿಸುತ್ತಾರೆ, ಚಪ್ಪಾಳೆಯೊಂದಿಗೆ ಆ ವಿಷಯ ಮುಗಿಯುತ್ತದೆ. ಆದರೆ ಅದೇ ಆಡಿಟರು ಅದೇ ಲೆಕ್ಕದ ಬಗ್ಗೆ ಇನ್ನೊಂದು ಪತ್ರವನ್ನೂ ಬರೆಯುವುದುಂಟು. ಅದು ಸದಸ್ಯರಿಗೆ ಬರೆದ ಪತ್ರವಲ್ಲ, ಕಾರ್ಯಕಾರಿ ಸಮಿತಿಗೆ ಅಥವಾ ಟ್ರಸ್ಟಿನ ಮಂಡಳಿಗೆ ಬರೆದದ್ದು. ಅದರಲ್ಲಿ ಹೊಗಳಿಕೆ ಇರುವುದಿಲ್ಲ. ಸಂಘದ ಹಣ ಎಲ್ಲೆಲ್ಲಿ ಕೈತಪ್ಪಿ ಹೋಗಲು ದಾರಿ ಇದೆ ಎಂಬುದನ್ನು ಆಡಿಟರು ಅದರಲ್ಲಿ ಕ್ರಮವಾಗಿ ಬರೆದಿರುತ್ತಾರೆ. ನಮ್ಮ ಕುಟುಂಬಗಳಲ್ಲಿ ಹೆಚ್ಚಿನವರು ಈ ಪತ್ರವನ್ನು ಕಂಡಿರುವುದಿಲ್ಲ, ಅಂಥದ್ದೊಂದು ಇದೆಯೆಂದು ಕೇಳಿರುವುದೂ ಇಲ್ಲ. ಪ್ರತಿ ವರ್ಷ ದೇಣಿಗೆ ಕೊಡುವ ನಾವು ಅದರ ಬಗ್ಗೆ ಒಂದಿಷ್ಟು ತಿಳಿದಿರಲಿ ಎಂದು ಈ ಬರಹ.

ವರದಿ ಬೇರೆ, ಪತ್ರ ಬೇರೆ

ಈ ಪತ್ರಕ್ಕೆ ಲೆಕ್ಕಪರಿಶೋಧಕರ ವಲಯದಲ್ಲಿ ಬಹುಕಾಲದಿಂದ 'ಮ್ಯಾನೇಜ್‌ಮೆಂಟ್ ಲೆಟರ್' ಎಂಬ ಹೆಸರಿದೆ. ಅದನ್ನು ಯಾವಾಗ, ಯಾರಿಗೆ, ಹೇಗೆ ಬರೆಯಬೇಕು ಎಂಬುದಕ್ಕೆ ಅಂತರರಾಷ್ಟ್ರೀಯ ಲೆಕ್ಕಪರಿಶೋಧನಾ ಮಾನದಂಡಗಳಲ್ಲಿ 265ನೆಯದು ಪ್ರತ್ಯೇಕವಾಗಿಯೇ ಇದೆ. 2009ರ ಡಿಸೆಂಬರ್ 15ರಂದು ಅಥವಾ ಅನಂತರ ಆರಂಭವಾದ ಲೆಕ್ಕದ ವರ್ಷಗಳಿಗೆ ಅದು ಅನ್ವಯವಾಯಿತು. ಕೀನ್ಯಾದ ಆಡಿಟರುಗಳು ಈ ಅಂತರರಾಷ್ಟ್ರೀಯ ಮಾನದಂಡಗಳನ್ನೇ ಪಾಲಿಸುತ್ತಾರೆ. ಭಾರತದಲ್ಲಿಯೂ ಇದೇ 265ರ ಸಂಖ್ಯೆಯ ಮಾನದಂಡವಿದ್ದು 2010ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. ಹೀಗಾಗಿ ನೈರೋಬಿಯ ಸಂಘಕ್ಕಾಗಲಿ ಬೆಂಗಳೂರಿನ ಟ್ರಸ್ಟಿಗಾಗಲಿ ಬರುವ ಪತ್ರದ ಸ್ವರೂಪ ಹೆಚ್ಚುಕಡಿಮೆ ಒಂದೇ.

ಆಂತರಿಕ ನಿಯಂತ್ರಣ ಎಂಬ ಪದ ಭಾರವಾಗಿ ಕೇಳಿಸಿದರೂ ವಸ್ತು ನಮಗೆ ಹೊಸದಲ್ಲ. ಊರಿನ ದೇವಸ್ಥಾನದಲ್ಲಿ ಹುಂಡಿಯನ್ನು ಅರ್ಚಕರೊಬ್ಬರೇ ತೆರೆಯುವುದಿಲ್ಲ. ಹತ್ತು ಜನರ ಸಮಕ್ಷಮದಲ್ಲಿ ಬೀಗ ತೆಗೆದು, ಚಾಪೆಯ ಮೇಲೆ ಸುರಿದು, ಎಣಿಸುವವರು ಎಣಿಸಿ, ಬರೆಯುವವರು ಬರೆದು, ಎಲ್ಲರೂ ಸಹಿ ಹಾಕಿ ಹಣವನ್ನು ಬ್ಯಾಂಕಿಗೆ ಕಳುಹಿಸುತ್ತಾರೆ. ಹಾಗೆ ಮಾಡುವುದರಿಂದ ಅರ್ಚಕರ ಮೇಲೆ ಅನುಮಾನ ಪಟ್ಟಂತೆ ಆಗುವುದಿಲ್ಲ. ನಾಳೆ ಯಾರೂ ಅವರ ಮೇಲೆ ಅನುಮಾನ ಪಡದಂತೆ ಆಗುತ್ತದೆ. ಹಣವನ್ನು ಮುಟ್ಟುವವರು, ಅದನ್ನು ಬರೆದಿಡುವವರು, ಬರೆದದ್ದನ್ನು ತಾಳೆ ನೋಡುವವರು ಬೇರೆ ಬೇರೆ ಇರಬೇಕು ಎಂಬುದೇ ಆಂತರಿಕ ನಿಯಂತ್ರಣದ ತಿರುಳು.

ಆಡಿಟರು ಈ ನಿಯಂತ್ರಣವನ್ನು ನೋಡುವುದು ಅಂಕ ಕೊಡುವುದಕ್ಕಲ್ಲ. ಎಷ್ಟು ರಸೀದಿ ಪರಿಶೀಲಿಸಬೇಕು, ಎಷ್ಟು ವೋಚರು ತೆಗೆಸಿ ನೋಡಬೇಕು ಎಂದು ತೀರ್ಮಾನಿಸಲು ಅವರಿಗೆ ಅದು ಬೇಕು. ವ್ಯವಸ್ಥೆ ಸಡಿಲವಿದ್ದರೆ ಹೆಚ್ಚು ಕಾಗದ ತೆಗೆಸುತ್ತಾರೆ, ಅಷ್ಟೆ. ಹಾಗೆ ನೋಡುವಾಗ ಕಣ್ಣಿಗೆ ಬಿದ್ದ ಸಡಿಲುಗಳಲ್ಲಿ ಸಮಿತಿಯ ಗಮನಕ್ಕೆ ಬರಲೇಬೇಕಾದಷ್ಟು ಮುಖ್ಯವಾದವನ್ನು 'ಗಮನಾರ್ಹ ನ್ಯೂನತೆ' ಎನ್ನುತ್ತಾರೆ. ಇವನ್ನು ಬಾಯಿಮಾತಿನಲ್ಲಿ ಹೇಳಿ ಮುಗಿಸುವಂತಿಲ್ಲ, ಲಿಖಿತವಾಗಿಯೇ ತಿಳಿಸಬೇಕು. ವೋಚರಿನಲ್ಲಿ ದಿನಾಂಕ ಬಿಟ್ಟುಹೋಗಿದೆ ಎಂಬಂಥ ಸಣ್ಣ ವಿಷಯವನ್ನು ಕಚೇರಿಯವರಿಗೆ ಹೇಳಿದರೆ ಸಾಕು.

ಇಲ್ಲಿ ಹಲವರು ತಪ್ಪು ತಿಳಿಯುವ ಒಂದು ಅಂಶವಿದೆ. ನ್ಯೂನತೆ ಗಮನಾರ್ಹ ಎನಿಸಿಕೊಳ್ಳಲು ಹಣ ಹೋಗಿರಬೇಕೆಂದೇನೂ ಇಲ್ಲ. ಹಿತ್ತಲ ಬಾಗಿಲಿಗೆ ಅಗುಳಿ ಇಲ್ಲ ಎಂದು ಹೇಳಲು ಮನೆಯಲ್ಲಿ ಕಳ್ಳತನ ಆಗಿರಬೇಕೇ? ಎಷ್ಟು ಹಣ ಆ ಬಾಗಿಲಿನ ಮೂಲಕ ಓಡಾಡುತ್ತದೆ, ತಪ್ಪು ನಡೆಯುವ ಸಂಭವ ಎಷ್ಟು, ವಂಚನೆಗೆ ಅದು ಎಷ್ಟು ಅನುಕೂಲ ಎಂಬುದನ್ನು ನೋಡಿ ಆಡಿಟರು ತೀರ್ಮಾನಿಸುತ್ತಾರೆ. ಆದ್ದರಿಂದಲೇ ಶುದ್ಧವಾದ ವರದಿಯೂ ಕಟುವಾದ ಪತ್ರವೂ ಒಂದೇ ವರ್ಷ, ಒಬ್ಬರೇ ಆಡಿಟರಿಂದ ಬರಬಹುದು. ಎರಡೂ ಸತ್ಯವೇ ಆಗಿರಬಹುದು.

ಒಂದು ಉದಾಹರಣೆ

ಪಂಗಾನಿಯ ಜುಜಾ ರಸ್ತೆಯ ಕಡೆ ಒಂದು ಬಾಡಿಗೆ ಕೊಠಡಿಯಲ್ಲಿ ಕಚೇರಿ ಇಟ್ಟುಕೊಂಡಿರುವ ಒಂದು ಸಂಘವನ್ನು ಊಹಿಸಿಕೊಳ್ಳೋಣ. ಇದು ಬರೀ ಉದಾಹರಣೆ. ಯಾವ ನಿಜವಾದ ಸಂಘವೂ ಅಲ್ಲ. ವರ್ಷಕ್ಕೆ 40 ಲಕ್ಷ ಶಿಲ್ಲಿಂಗ್ ಆದಾಯ. ಬಡ ಮಕ್ಕಳ ಶಾಲಾ ಶುಲ್ಕಕ್ಕೂ ಒಂದು ವೈದ್ಯಕೀಯ ಶಿಬಿರಕ್ಕೂ ಖರ್ಚು. ಸಂಬಳದ ಗುಮಾಸ್ತರಿಲ್ಲ. ಖಜಾಂಚಿಗಳು ಪ್ರಾಮಾಣಿಕರು, ಹತ್ತು ವರ್ಷದಿಂದ ಹಗಲಿರುಳು ದುಡಿಯುತ್ತಿರುವವರು. ಬೇರೆ ಯಾರೂ ಆ ಕೆಲಸಕ್ಕೆ ಮುಂದೆ ಬಾರದ್ದರಿಂದ ಎಲ್ಲವೂ ಅವರ ತಲೆಯ ಮೇಲೆಯೇ ಬಿದ್ದಿದೆ. ಡಿಸೆಂಬರ್ 31ಕ್ಕೆ ವರ್ಷ ಮುಗಿಯುತ್ತದೆ. ಫೆಬ್ರವರಿಯಲ್ಲಿ ಆಡಿಟರು ಬಂದು ಹೋಗುತ್ತಾರೆ. ಅನಂತರ ಬಂದ ಪತ್ರದ ಮುಖ್ಯ ಭಾಗ ಹೀಗಿದೆ ಎನ್ನೋಣ:

"ಮಾನ್ಯ ಅಧ್ಯಕ್ಷರು ಮತ್ತು ಕಾರ್ಯಕಾರಿ ಸಮಿತಿಯ ಸದಸ್ಯರಿಗೆ,

ಡಿಸೆಂಬರ್ 31ಕ್ಕೆ ಮುಗಿದ ವರ್ಷದ ತಮ್ಮ ಸಂಘದ ಲೆಕ್ಕಪತ್ರಗಳನ್ನು ಪರಿಶೋಧಿಸಿದ್ದೇವೆ. ಲೆಕ್ಕಪತ್ರಗಳ ಮೇಲೆ ಅಭಿಪ್ರಾಯ ನೀಡುವುದು ನಮ್ಮ ಪರಿಶೋಧನೆಯ ಉದ್ದೇಶ. ಅದಕ್ಕೆ ಅಗತ್ಯವಾದಷ್ಟರ ಮಟ್ಟಿಗೆ ಆಂತರಿಕ ನಿಯಂತ್ರಣವನ್ನು ಗಮನಿಸಿದ್ದೇವೆಯೇ ಹೊರತು ಆ ನಿಯಂತ್ರಣದ ಪರಿಣಾಮಕಾರಿತ್ವದ ಬಗ್ಗೆ ಅಭಿಪ್ರಾಯ ನೀಡುತ್ತಿಲ್ಲ. ನಮ್ಮ ಕೆಲಸದ ವೇಳೆ ಕಂಡುಬಂದು, ತಮ್ಮ ಗಮನಕ್ಕೆ ತರಬೇಕೆಂದು ನಾವು ಭಾವಿಸಿದ ವಿಷಯಗಳನ್ನು ಮಾತ್ರ ಇಲ್ಲಿ ತಿಳಿಸಿದ್ದೇವೆ.

ಒಂದು. ದೇಣಿಗೆ ಸ್ವೀಕರಿಸುವುದು, ರಸೀದಿ ಬರೆಯುವುದು, ಬ್ಯಾಂಕಿಗೆ ಕಟ್ಟುವುದು, ನಗದು ಪುಸ್ತಕ ಬರೆಯುವುದು ಮತ್ತು ಬ್ಯಾಂಕಿನ ತಾಳೆ ಪಟ್ಟಿ ಸಿದ್ಧಪಡಿಸುವುದು ಈ ಐದೂ ಕೆಲಸಗಳನ್ನು ಒಬ್ಬರೇ ಮಾಡುತ್ತಿದ್ದಾರೆ. ತಾಳೆ ಪಟ್ಟಿಯನ್ನು ಬೇರೆ ಯಾರೂ ಪರಿಶೀಲಿಸಿ ಸಹಿ ಮಾಡಿಲ್ಲ.

ಎರಡು. ದೀಪಾವಳಿ ಭೋಜನಕೂಟಕ್ಕೆ ಮುದ್ರಿಸಿದ ಟಿಕೆಟುಗಳು 400, ಬೆಲೆ ತಲಾ 2,500 ಶಿಲ್ಲಿಂಗ್. ಹಣ ಜಮಾ ಆದದ್ದು 312ಕ್ಕೆ. ಮಾರಾಟವಾಗದೆ ಹಿಂದಿರುಗಿದ್ದು 61. ಉಳಿದ 27 ಟಿಕೆಟುಗಳಿಗೆ ಹಣವೂ ಇಲ್ಲ, ಟಿಕೆಟೂ ಇಲ್ಲ. ಯಾರಿಗೆ ಎಷ್ಟು ಟಿಕೆಟು ಕೊಡಲಾಯಿತು ಎಂಬ ದಾಖಲೆ ಇಟ್ಟಿಲ್ಲ.

ಮೂರು. ಕೆಲವು ದೇಣಿಗೆಗಳು ಸಂಘದ ಪೇಬಿಲ್ ಸಂಖ್ಯೆಗೆ ಬಾರದೆ ಸ್ವಯಂಸೇವಕರೊಬ್ಬರ ಸ್ವಂತ ಎಂಪೆಸಾ ಸಂಖ್ಯೆಗೆ ಬಂದು, ಅಲ್ಲಿಂದ ಸಂಘಕ್ಕೆ ವರ್ಗವಾಗಿವೆ.

ನಾಲ್ಕು. ಎರಡು ಸಹಿ ಬೇಕಾದ ಚೆಕ್ಕು ಪುಸ್ತಕದಲ್ಲಿ 6 ಖಾಲಿ ಚೆಕ್ಕುಗಳಿಗೆ ಒಬ್ಬರ ಸಹಿ ಮೊದಲೇ ಆಗಿರುವುದು ನಮ್ಮ ಭೇಟಿಯ ದಿನ ಕಂಡುಬಂತು."

ಪ್ರತಿಯೊಂದರ ಕೆಳಗೂ ಅದರಿಂದ ಏನಾಗಬಹುದು, ಏನು ಮಾಡಿದರೆ ಒಳ್ಳೆಯದು ಎಂದು ಆಡಿಟರು ಬರೆದಿರುತ್ತಾರೆ. ಅದರ ಕೆಳಗೆ ಸಮಿತಿಯ ಉತ್ತರಕ್ಕೆ ಜಾಗ ಬಿಟ್ಟಿರುತ್ತಾರೆ. ಪತ್ರದ ಆರಂಭದ ಎಚ್ಚರಿಕೆಯ ಮಾತುಗಳನ್ನು ವಕೀಲರ ಭಾಷೆ ಎಂದು ಹಾರಿಸಿಬಿಡಬಾರದು. 'ಕಂಡುಬಂದ ವಿಷಯಗಳು ಮಾತ್ರ' ಎಂದರೆ ಇಷ್ಟೇ ಇವೆ ಎಂದಲ್ಲ. ಪತ್ರದಲ್ಲಿ ನಾಲ್ಕು ಅಂಶ ಇದ್ದರೆ ಐದನೆಯದು ಇಲ್ಲವೆಂದು ಆಡಿಟರು ಖಾತ್ರಿ ಕೊಟ್ಟಿಲ್ಲ.

ಇಪ್ಪತ್ತೇಳು ಟಿಕೆಟಿನ ಲೆಕ್ಕ

ಎರಡನೆಯ ಅಂಶವನ್ನೇ ಸ್ವಲ್ಪ ಬಿಡಿಸಿ ನೋಡೋಣ. 27 ಟಿಕೆಟು ಎಂದರೆ 67,500 ಶಿಲ್ಲಿಂಗ್. ಇಷ್ಟು ಹಣದ ಲೆಕ್ಕ ಸಿಗದಿದ್ದರೂ ಆಡಿಟರು ಶುದ್ಧ ವರದಿ ಕೊಟ್ಟದ್ದು ಹೇಗೆ ಎಂದು ಸಭೆಯಲ್ಲಿ ಯಾರಾದರೂ ಕೇಳಿದರೆ ಅದು ನ್ಯಾಯವಾದ ಪ್ರಶ್ನೆ. ಆಡಿಟರು ಕೆಲಸದ ಆರಂಭದಲ್ಲಿಯೇ ಒಂದು ಮಿತಿಯನ್ನು ಗೊತ್ತುಮಾಡಿಕೊಳ್ಳುತ್ತಾರೆ. ಅದಕ್ಕಿಂತ ದೊಡ್ಡ ತಪ್ಪು ಲೆಕ್ಕದಲ್ಲಿ ಉಳಿದರೆ ಓದುವವರು ದಾರಿತಪ್ಪುತ್ತಾರೆ, ಅದಕ್ಕಿಂತ ಚಿಕ್ಕದಾದರೆ ಒಟ್ಟು ಚಿತ್ರ ಕೆಡುವುದಿಲ್ಲ ಎಂಬ ಅಂದಾಜು ಅದು. ಇಂಥ ಸಂಘಗಳಲ್ಲಿ ಅದನ್ನು ಒಟ್ಟು ಆದಾಯದ ಶೇಕಡಾ ಒಂದೋ ಎರಡೋ ಎಂದು ಇಟ್ಟುಕೊಳ್ಳುವುದು ರೂಢಿ. 40 ಲಕ್ಷದ ಶೇಕಡಾ ಎರಡು ಎಂದರೆ 80,000. 67,500 ಅದರೊಳಗೇ ಇದೆ. ಬೇರೆ ತಪ್ಪುಗಳೂ ಸೇರಿ ಮಿತಿ ದಾಟುವುದಿಲ್ಲ, ವಂಚನೆಯ ಕುರುಹೂ ಇಲ್ಲ ಎಂದು ಖಚಿತವಾದರೆ ವರದಿಗೆ ಅಡ್ಡಿಯಿಲ್ಲ.

ಆದರೆ 27 ಟಿಕೆಟು ಹೋದ ದಾರಿಯಲ್ಲಿ 127 ಹೋಗಲು ಏನು ತಡೆ ಇತ್ತು? ಏನೂ ಇರಲಿಲ್ಲ. ಯಾರಿಗೆ ಎಷ್ಟು ಕೊಟ್ಟೆವೆಂದು ಬರೆದಿಟ್ಟಿಲ್ಲದ ಮೇಲೆ 127 ಕಾಣೆಯಾದರೂ ವಿಚಾರಿಸುವವರಿಲ್ಲ. ಆಗ ಮೊತ್ತ 3,17,500 ಶಿಲ್ಲಿಂಗ್, ಮಿತಿಯ ನಾಲ್ಕು ಪಟ್ಟಿಗೆ ಸ್ವಲ್ಪ ಕಡಿಮೆ ಅಷ್ಟೆ. ವರದಿ ಹೇಳುವುದು ಈ ವರ್ಷ ಏನಾಯಿತು ಎಂಬುದನ್ನು. ಏನಾಗಬಹುದಿತ್ತು ಎಂಬುದಕ್ಕೆ ಪತ್ರವಿದೆ.

ಪರಿಹಾರಕ್ಕೆ ದೊಡ್ಡ ಖರ್ಚೇನೂ ಬೇಡ. ಟಿಕೆಟುಗಳಿಗೆ ಮುದ್ರಣಾಲಯದಲ್ಲಿಯೇ ಕ್ರಮಸಂಖ್ಯೆ ಹಾಕಿಸಬೇಕು. ಒಂದು ನೋಟುಪುಸ್ತಕದಲ್ಲಿ 1ರಿಂದ 50 ಇಂಥವರಿಗೆ, 51ರಿಂದ 100 ಇಂಥವರಿಗೆ ಎಂದು ಬರೆದು ಸಹಿ ಪಡೆಯಬೇಕು. ಕಾರ್ಯಕ್ರಮ ಮುಗಿದ ವಾರದೊಳಗೆ ಪ್ರತಿಯೊಬ್ಬರೂ ಹಣವನ್ನೋ ಟಿಕೆಟನ್ನೋ ಹಿಂದಿರುಗಿಸಬೇಕು. ಉಚಿತವಾಗಿ ಕೊಟ್ಟದ್ದಿದ್ದರೆ ಅದಕ್ಕೂ ಅಧ್ಯಕ್ಷರ ಒಪ್ಪಿಗೆಯ ಒಂದು ಸಾಲು ಇರಬೇಕು. ನಮ್ಮ ಅನುಭವದಲ್ಲಿ ಲೆಕ್ಕ ಸಿಗದ ಟಿಕೆಟುಗಳಲ್ಲಿ ಬಹುಪಾಲು ಹೀಗೆ ಅತಿಥಿಗಳಿಗೂ ಅಡುಗೆಯವರಿಗೂ ಕೊಟ್ಟು ಮರೆತವೇ. ಆದರೆ ಬರೆದಿಡದೆ ಹೋದರೆ ಒಳ್ಳೆಯ ಮನಸ್ಸಿನಿಂದ ಕೊಟ್ಟದ್ದೂ ಜೇಬಿಗಿಳಿಸಿದ್ದೂ ಕಾಗದದ ಮೇಲೆ ಒಂದೇ ಆಗಿ ಕಾಣುತ್ತವೆ. ರಸೀದಿ ಪುಸ್ತಕಗಳಿಗೂ ಇದೇ ಕ್ರಮ.

ಒಬ್ಬರೇ ಐದು ಕೆಲಸ ಮಾಡಿದರೆ

ಮೊದಲನೆಯ ಅಂಶವೇ ನಾಲ್ಕರಲ್ಲಿ ಗಂಭೀರವಾದದ್ದು. ಇದರಿಂದ ಏನಾಗಬಹುದೆಂದು ಆಡಿಟರು ಪರೀಕ್ಷಿಸುವ ಒಂದು ಕ್ರಮವನ್ನು ಹೇಳುತ್ತೇವೆ. ಒಂದು ದಿನದ ರಸೀದಿಗಳನ್ನು ಕೂಡಿಸಿದಾಗ ನಗದು 50,000, ಚೆಕ್ಕು 20,000, ಒಟ್ಟು 70,000 ಎಂದಿರಲಿ. ಬ್ಯಾಂಕಿಗೆ ಕಟ್ಟಿದ ಚಲನ್ನಿನಲ್ಲಿಯೂ ಒಟ್ಟು 70,000 ಇದೆ. ಸರಿಯಾಗಿದೆ ಎಂದು ಮುಂದೆ ಹೋಗುವವರೇ ಹೆಚ್ಚು. ಆದರೆ ಚಲನ್ನಿನ ಒಳವಿವರದಲ್ಲಿ ನಗದು 30,000, ಚೆಕ್ಕು 40,000 ಎಂದಿದ್ದರೆ? ರಸೀದಿ ಬರೆಯದ 20,000ದ ಒಂದು ಚೆಕ್ಕು ಒಳಗೆ ಬಂದಿದೆ, ಅಷ್ಟೇ ನಗದು ಹೊರಗೆ ಹೋಗಿದೆ. ಒಟ್ಟು ಮೊತ್ತ ಮಾತ್ರ ಕದಲಿಲ್ಲ. ಹಣ ಮುಟ್ಟುವವರೂ ಪುಸ್ತಕ ಬರೆಯುವವರೂ ತಾಳೆ ನೋಡುವವರೂ ಒಬ್ಬರೇ ಆಗಿರುವಲ್ಲಿ ಇದು ವರ್ಷಗಟ್ಟಲೆ ನಡೆದರೂ ತಾನಾಗಿ ಹೊರಬೀಳುವುದಿಲ್ಲ.

ಇನ್ನೊಂದು ಲಕ್ಷಣ ದಿನಾಂಕಗಳಲ್ಲಿ ಸಿಗುತ್ತದೆ. ಅಕ್ಟೋಬರಿನಲ್ಲಿ ರಸೀದಿ ಬರೆದ ನಗದು ಡಿಸೆಂಬರಿನಲ್ಲಿ ಬ್ಯಾಂಕಿಗೆ ಹೋಗಿದ್ದರೆ ನಡುವಣ ಎರಡು ತಿಂಗಳು ಆ ಹಣ ಎಲ್ಲಿತ್ತು? ಮನೆಯ ಬೀರುವಿನಲ್ಲಿಯೇ ಇತ್ತು ಎಂಬುದು ನಿಜವಿರಬಹುದು. ಇಂದು ಬಂದ ಹಣದಿಂದ ಹಿಂದಿನ ಕೊರತೆಯನ್ನು ತುಂಬುತ್ತ ಬರುವ ಕೆಟ್ಟ ಪದ್ಧತಿಯಲ್ಲಿಯೂ ಇದೇ ರೀತಿಯ ತಡ ಕಾಣುತ್ತದೆ. ಹೊರಗಿನವರಿಗೆ ಎರಡರ ವ್ಯತ್ಯಾಸ ತಿಳಿಯುವುದು ಕಷ್ಟ.

ತಾಳೆ ನೋಡುವ ಕೆಲಸ ಸ್ವತಂತ್ರವಾಗಿ ಇರಬೇಕು ಎಂಬುದಕ್ಕೆ ದೊಡ್ಡ ನಿದರ್ಶನವನ್ನು ನಮ್ಮವರೆಲ್ಲ ಓದಿದ್ದೇವೆ. 2009ರ ಜನವರಿ 7ರಂದು ಹೈದರಾಬಾದಿನ ಸತ್ಯಂ ಕಂಪ್ಯೂಟರ್ಸ್‌ನ ಅಧ್ಯಕ್ಷ ರಾಮಲಿಂಗ ರಾಜು ತಮ್ಮ ಕಂಪೆನಿಯ ಮಂಡಳಿಗೆ ಬರೆದ ಪತ್ರದಲ್ಲಿ, ಪುಸ್ತಕಗಳಲ್ಲಿ ತೋರಿಸಿದ್ದ ನಗದು ಮತ್ತು ಬ್ಯಾಂಕ್ ಬಾಕಿ 5,361 ಕೋಟಿ ರೂಪಾಯಿಗಳಲ್ಲಿ 5,040 ಕೋಟಿ ಇಲ್ಲವೇ ಇಲ್ಲ ಎಂದು ಒಪ್ಪಿಕೊಂಡರು. ಬ್ಯಾಂಕಿನಲ್ಲಿದೆ ಎಂದು ಬರೆದ ಹಣ ಬ್ಯಾಂಕಿನಲ್ಲಿ ಇದೆಯೇ ಎಂದು ಬ್ಯಾಂಕನ್ನೇ ಕೇಳಿದರೆ ತಿಳಿಯುತ್ತಿತ್ತಲ್ಲವೇ ಎಂದು ಆಗ ಸಾಮಾನ್ಯ ಜನರೂ ಕೇಳಿದರು. 2011ರ ಏಪ್ರಿಲಿನಲ್ಲಿ ಅಮೆರಿಕದ ನಿಯಂತ್ರಕರು ಕಂಪೆನಿಯ ಆಡಿಟರುಗಳಾದ ಪ್ರೈಸ್ ವಾಟರ್‌ಹೌಸ್‌ನ ಭಾರತೀಯ ಸಂಸ್ಥೆಗಳ ಮೇಲೆ ಕ್ರಮ ಕೈಗೊಂಡಾಗ ತೋರಿಸಿದ ಮುಖ್ಯ ಲೋಪವೂ ಇದೇ: ಬ್ಯಾಂಕಿನ ದೃಢೀಕರಣ ಪತ್ರಗಳನ್ನು ಕಳುಹಿಸುವುದನ್ನೂ ಪಡೆಯುವುದನ್ನೂ ಕಂಪೆನಿಯವರ ಕೈಗೇ ಬಿಟ್ಟಿದ್ದರು. ಪಂಗಾನಿಯ ಸಂಘಕ್ಕೂ ಸತ್ಯಂಗೂ ಅಜಗಜಾಂತರ. ಆದರೆ ಬ್ಯಾಂಕಿನ ಕಾಗದ ಯಾರ ಕೈಯ ಮೂಲಕ ಬರುತ್ತದೆ ಎಂಬ ಪ್ರಶ್ನೆ ಎರಡು ಕಡೆಯೂ ಒಂದೇ.

ಫೋನು ಮತ್ತು ಚೆಕ್ಕು

ಎಂಪೆಸಾ 2007ರ ಮಾರ್ಚಿನಲ್ಲಿ ಆರಂಭವಾದ ಮೇಲೆ ದೇಣಿಗೆ ಸಂಗ್ರಹ ಎಷ್ಟು ಸುಲಭವಾಯಿತೆಂದು ಹೇಳಬೇಕಾಗಿಲ್ಲ. ಥಿಕಾ ರಸ್ತೆಯ ವಾಹನದಟ್ಟಣೆಯಲ್ಲಿ ಸಿಕ್ಕಿಬಿದ್ದಾಗಲೂ ಕೂತಲ್ಲಿಂದಲೇ ಕಳುಹಿಸಬಹುದು. ತೊಂದರೆ ಇರುವುದು ಯಾರ ಸಂಖ್ಯೆಗೆ ಕಳುಹಿಸುತ್ತೇವೆ ಎಂಬಲ್ಲಿ. ಸಂಘದ ಪೇಬಿಲ್‌ಗೆ ಕಳುಹಿಸಿದರೆ ಅಕೌಂಟ್ ನಂಬರ್ ಎಂಬ ಜಾಗದಲ್ಲಿ ನಮ್ಮ ಹೆಸರನ್ನೋ ಉದ್ದೇಶವನ್ನೋ ಬರೆಯಬಹುದು. ಸಂಘದ ಹೆಸರಿನಲ್ಲಿಯೇ ಪೂರ್ತಿ ಪಟ್ಟಿ ಸಿಗುತ್ತದೆ. ರಸೀದಿ ಪುಸ್ತಕದೊಂದಿಗೆ ಸಾಲುಸಾಲಾಗಿ ತಾಳೆ ನೋಡಬಹುದು. ಸ್ವಯಂಸೇವಕರ ಸ್ವಂತ ಸಂಖ್ಯೆಗೆ ಬಂದರೆ ಆ ಪಟ್ಟಿ ಅವರ ಖಾಸಗಿ ದಾಖಲೆ. ಅದರಲ್ಲಿ ಅವರ ಮನೆಯ ಬಾಡಿಗೆ, ತರಕಾರಿ, ಮಕ್ಕಳ ಶುಲ್ಕ ಎಲ್ಲವೂ ಬೆರೆತಿರುತ್ತವೆ. ಅದನ್ನು ತೋರಿಸಿ ಎಂದು ಕೇಳುವ ಹಕ್ಕು ಆಡಿಟರಿಗೆ ಇಲ್ಲ. ಅವರು ಸಂಘಕ್ಕೆ ವರ್ಗಾಯಿಸಿದ ಮೊತ್ತ ತಿಳಿಯುತ್ತದೆ, ಅವರಿಗೆ ಬಂದ ಮೊತ್ತ ತಿಳಿಯುವುದಿಲ್ಲ.

ಬಾರದ ಹಣವನ್ನು ಪುಸ್ತಕದಲ್ಲಿ ಹುಡುಕುವುದು ಆಡಿಟಿನಲ್ಲಿ ಅತ್ಯಂತ ಕಷ್ಟದ ಕೆಲಸ. ಹೊರಗೆ ಹೋದ ಹಣಕ್ಕೆ ವೋಚರು ಕೇಳಬಹುದು. ಒಳಗೆ ಬರಬೇಕಾಗಿದ್ದು ಬಾರದ ದೇಣಿಗೆಗೆ ಯಾವ ಕಾಗದ ಕೇಳುವುದು? ನಗದು ದೇಣಿಗೆಯನ್ನೇ ಹೆಚ್ಚಾಗಿ ನೆಚ್ಚಿದ ಧರ್ಮಾರ್ಥ ಸಂಸ್ಥೆಗಳ ವರದಿಯಲ್ಲಿ, ಪುಸ್ತಕಕ್ಕೆ ಬಂದ ದೇಣಿಗೆಯನ್ನಷ್ಟೇ ಪರಿಶೀಲಿಸಲು ಸಾಧ್ಯವಾಯಿತು ಎಂದು ಆಡಿಟರು ಷರತ್ತು ಹಾಕುವುದು ಈ ಕಾರಣಕ್ಕೇ. ಆದ್ದರಿಂದ ದಾನಿಗಳ ಕೈಯಲ್ಲಿರುವ ರಸೀದಿಯೇ ಇಲ್ಲಿ ದೊಡ್ಡ ಕಾವಲು. 'ಪರವಾಗಿಲ್ಲ, ನಮಗೆ ರಸೀದಿ ಬೇಡ' ಎಂದು ನಾವು ಔದಾರ್ಯದಿಂದ ಹೇಳುವ ಮಾತಿನಿಂದ ಸಂಘಕ್ಕೆ ಉಪಕಾರವಾಗುವುದಿಲ್ಲ.

ಖಾಲಿ ಚೆಕ್ಕಿನ ಮೇಲಿನ ಸಹಿಗೆ ಕಾರಣ ನಮಗೆಲ್ಲ ಗೊತ್ತಿರುವುದೇ. ಆಗಸ್ಟ್ ಅಥವಾ ಡಿಸೆಂಬರಿನ ರಜೆಯಲ್ಲಿ ಊರಿಗೆ ಹೊರಡುವವರು, ಇಲ್ಲಿನ ಕೆಲಸ ನಿಲ್ಲಬಾರದೆಂದು ಐದಾರು ಹಾಳೆಗೆ ಸಹಿ ಮಾಡಿಟ್ಟು ವಿಮಾನ ಹತ್ತುತ್ತಾರೆ. ಎರಡು ಸಹಿಯ ನಿಯಮ ಬ್ಯಾಂಕಿನ ಫಾರಮಿನಲ್ಲಿ ಉಳಿಯುತ್ತದೆ, ನಡವಳಿಕೆಯಲ್ಲಿ ಒಂದೇ ಸಹಿ. ಮೂವರಿಗೆ ಅಧಿಕಾರ ಕೊಟ್ಟು ಯಾರಾದರೂ ಇಬ್ಬರು ಸಹಿ ಮಾಡಬಹುದೆಂದು ಬ್ಯಾಂಕಿಗೆ ಒಮ್ಮೆ ಬರೆದುಕೊಟ್ಟರೆ ಈ ಸಮಸ್ಯೆ ತೀರುತ್ತದೆ. ಇಂಟರ್ನೆಟ್ ಬ್ಯಾಂಕಿಂಗ್ ಇದ್ದರೆ ಒಬ್ಬರು ಪಾವತಿಯನ್ನು ನಮೂದಿಸಿ ಇನ್ನೊಬ್ಬರು ಒಪ್ಪಿಗೆ ಕೊಡುವ ಏರ್ಪಾಡು ಮಾಡಿಸಿಕೊಂಡರೆ ಊರಿನಲ್ಲಿದ್ದೇ ಒಪ್ಪಬಹುದು. ಆದರೆ ಇಬ್ಬರ ಪಾಸ್‌ವರ್ಡೂ ಒಬ್ಬರ ಡೈರಿಯಲ್ಲಿದ್ದರೆ ಮತ್ತೆ ಖಾಲಿ ಚೆಕ್ಕಿನ ಕಥೆಯೇ.

ಪತ್ರ ಯಾರ ಕೈ ಸೇರಬೇಕು

ಮಾನದಂಡದ ಪ್ರಕಾರ ಈ ಪತ್ರ ಆಡಳಿತದ ಹೊಣೆ ಹೊತ್ತವರಿಗೆ, ಎಂದರೆ ಇಡೀ ಸಮಿತಿಗೆ ಸೇರಬೇಕು. ನಮ್ಮಂಥ ಸಂಘಗಳಲ್ಲಿ ಆಡಿಟರೊಂದಿಗೆ ಓಡಾಡುವವರು ಖಜಾಂಚಿಗಳೇ ಆದ್ದರಿಂದ ಪತ್ರವೂ ಅವರ ಕೈಗೇ ಹೋಗುತ್ತದೆ. ಪತ್ರದ ಮೊದಲನೆಯ ಅಂಶ ಅವರ ಕೆಲಸದ ಬಗ್ಗೆಯೇ ಇರುವಾಗ ಅದು ಅವರ ಚೀಲದಲ್ಲಿಯೇ ಉಳಿದರೆ ಆಶ್ಚರ್ಯವೇನು? ಆದ್ದರಿಂದ ಪತ್ರದ ಪ್ರತಿ ಅಧ್ಯಕ್ಷರಿಗೂ ಕಾರ್ಯದರ್ಶಿಗೂ ನೇರವಾಗಿ ಹೋಗಲಿ ಎಂದು ಆಡಿಟರಿಗೆ ಮೊದಲೇ ತಿಳಿಸಬೇಕು. ಬಂದ ಪತ್ರವನ್ನು ಸಮಿತಿಯ ಸಭೆಯ ಕಾರ್ಯಸೂಚಿಯಲ್ಲಿ ಸೇರಿಸಿ ನಡಾವಳಿಯಲ್ಲಿ ದಾಖಲಿಸಬೇಕು.

ಸಮಯದ ಬಗ್ಗೆಯೂ ಒಂದು ಮಾತು. ಪತ್ರವು ವರದಿಯ ಜೊತೆಗೇ ಬರಬೇಕೆಂದಿಲ್ಲ. ಆಡಿಟಿನ ಕಡತವನ್ನು ಮುಕ್ತಾಯಗೊಳಿಸಲು ವರದಿಯ ದಿನಾಂಕದಿಂದ ಸಾಮಾನ್ಯವಾಗಿ 60 ದಿನಗಳ ಅವಧಿ ಇದ್ದು, ಅಷ್ಟರೊಳಗೆ ಅದು ಬಂದರೆ ಕ್ರಮಬದ್ಧವೇ. ಮಹಾಸಭೆಯಲ್ಲಿ ಲೆಕ್ಕ ಅಂಗೀಕಾರವಾಗಿ ಒಂದು ತಿಂಗಳ ಮೇಲೆ ಪತ್ರ ಕೈಸೇರಿದರೆ, ಸಭೆ ಮುಗಿದುಹೋಯಿತಲ್ಲ ಎಂದು ಅದನ್ನು ಕಡತಕ್ಕೆ ಸೇರಿಸಿಬಿಡುವ ಅಪಾಯ ಇದೆ.

ಸಮಿತಿಯ ಉತ್ತರದಲ್ಲಿ ಸಾಮಾನ್ಯವಾಗಿ ಕಾಣುವ ಮಾತು, 'ನಮ್ಮ ಖಜಾಂಚಿಗಳು ಅಂಥವರಲ್ಲ.' ಅದು ನಿಜವೇ ಇರಬಹುದು, ಆದರೆ ಅದು ಪತ್ರಕ್ಕೆ ಉತ್ತರವಲ್ಲ. ಪತ್ರ ಅವರ ಗುಣವನ್ನು ಪ್ರಶ್ನಿಸಿಲ್ಲ. ನಾಳೆ ಯಾರೋ ಒಬ್ಬರು 'ನಾನು ಹತ್ತು ಸಾವಿರ ಕೊಟ್ಟಿದ್ದೆ, ಪಟ್ಟಿಯಲ್ಲಿ ಹೆಸರೇ ಇಲ್ಲ' ಎಂದು ಗುಂಪಿನಲ್ಲಿ ಎತ್ತಿದರೆ, ಹತ್ತು ವರ್ಷ ದುಡಿದ ಆ ಹಿರಿಯರು ತಾವು ತಪ್ಪು ಮಾಡಿಲ್ಲವೆಂದು ತೋರಿಸಲು ಯಾವ ಕಾಗದ ಮುಂದಿಡಬೇಕು? ಅವರೇ ಬರೆದ ಪುಸ್ತಕ, ಅವರೇ ಮಾಡಿದ ತಾಳೆ ಪಟ್ಟಿ. ಇನ್ನೊಬ್ಬರ ಸಹಿ ಒಂದಿದ್ದಿದ್ದರೆ ಅವರ ಮಾನ ಉಳಿಯುತ್ತಿತ್ತು. ಸಂಘಗಳು ಒಡೆದದ್ದು ಹಣ ಹೋದದ್ದಕ್ಕಿಂತ ಹೆಚ್ಚಾಗಿ ಇಂಥ ಮಾತಿನಿಂದಲೇ ಎಂದು ನಮ್ಮ ಭಾವನೆ.

ಒಳ್ಳೆಯ ಉತ್ತರದಲ್ಲಿ ಮೂರು ವಿಷಯ ಸ್ಪಷ್ಟವಾಗಿರುತ್ತವೆ: ಏನು ಮಾಡುತ್ತೇವೆ, ಯಾರು ಮಾಡುತ್ತಾರೆ, ಯಾವ ದಿನಾಂಕದೊಳಗೆ. ಕರ್ನಾಟಕದ ಸಹಕಾರ ಸಂಘಗಳಲ್ಲಿ ದುಡಿದವರಿಗೆ ಇದು ಹೊಸತಲ್ಲ. ಆಡಿಟಿನಲ್ಲಿ ತೋರಿಸಿದ ನ್ಯೂನತೆಗಳಿಗೆ ಅಲ್ಲಿ ಅನುಪಾಲನಾ ವರದಿ ಸಲ್ಲಿಸಬೇಕು. 'ಗಮನಿಸಲಾಗಿದೆ, ಮುಂದೆ ಸರಿಪಡಿಸಲಾಗುವುದು' ಎಂಬ ಸಾಲು ಅಲ್ಲಿಯೂ ಇಲ್ಲಿಯೂ ಕಾಗದ ತುಂಬಲು ಬರೆಯುವ ಸಾಲು.

ಹಾಗೆಂದು ಆಡಿಟರು ಹೇಳಿದ್ದನ್ನೆಲ್ಲ ಚಾಚೂತಪ್ಪದೆ ಮಾಡಲೇಬೇಕೆಂದಲ್ಲ. ಎಂಟು ಜನರ ಸಮಿತಿಯಲ್ಲಿ ಐದು ಕೆಲಸಕ್ಕೆ ಐದು ಜನ ಸಿಗುವುದಿಲ್ಲ. ದೊಡ್ಡ ಕಂಪೆನಿಯ ಅಳತೆಯ ಅಂಗಿ ಸಣ್ಣ ಸಂಘಕ್ಕೆ ಹಿಡಿಸದು ಎಂಬುದನ್ನು ಮಾನದಂಡವೂ ಬಲ್ಲದು. ಖರ್ಚಿನ ಕಾರಣಕ್ಕೋ ಜನರ ಕೊರತೆಯಿಂದಲೋ ಒಂದು ನ್ಯೂನತೆಯೊಂದಿಗೇ ಮುಂದುವರಿಯುತ್ತೇವೆ ಎಂದು ಸಮಿತಿ ತೀರ್ಮಾನಿಸಬಹುದು. ಆದರೆ ಆ ತೀರ್ಮಾನ ಸಮಿತಿಯದಾಗಿರಬೇಕು, ಕಾರಣ ನಡಾವಳಿಯಲ್ಲಿ ಇರಬೇಕು. ಸರಿಪಡಿಸದೆ ಬಿಟ್ಟರೆ ಮರುವರ್ಷದ ಪತ್ರದಲ್ಲಿ ಅದೇ ಅಂಶ ಮತ್ತೆ ಬರುತ್ತದೆ. ಕಳೆದ ಸಲ ಹೇಳಿದ್ದೇವಲ್ಲ ಎಂದು ಆಡಿಟರು ಬಿಡುವಂತಿಲ್ಲ. ಯಾವ ಕಾರಣವನ್ನೂ ಕೊಡದೆ ಎರಡು ಮೂರು ವರ್ಷ ಹಾಗೆಯೇ ಬಿಟ್ಟರೆ ಆ ನಿರ್ಲಕ್ಷ್ಯವನ್ನೇ ಬೇರೊಂದು ಗಮನಾರ್ಹ ನ್ಯೂನತೆಯೆಂದು ಅವರು ಬರೆಯಬಹುದು.

ಸದಸ್ಯರಾದ ನಾವು ಪತ್ರವನ್ನೇ ತೋರಿಸಿ ಎಂದು ಹಠ ಹಿಡಿಯುವ ಅಗತ್ಯವಿಲ್ಲ. ಅದು ಸಮಿತಿಯ ಉಪಯೋಗಕ್ಕೆ ಬರೆದದ್ದು, ಹೊರಗಿನವರಿಗೆ ಹಂಚಬಾರದೆಂದು ಸಾಮಾನ್ಯವಾಗಿ ಅದರಲ್ಲಿಯೇ ಬರೆದಿರುತ್ತದೆ. ಆದರೆ ಕೀನ್ಯಾದ ಸಂಘಗಳ ಕಾನೂನಿನಂತೆ ಪ್ರತಿ ವರ್ಷ ಸದಸ್ಯರ ಸಭೆ ಕರೆದು ಬಂದ ಹಣ, ಹೋದ ಹಣದ ಪೂರ್ಣ ಲೆಕ್ಕ ಒಪ್ಪಿಸಬೇಕಾಗಿರುವುದರಿಂದ, ಆ ಸಭೆಯಲ್ಲಿ ಈ ವರ್ಷ ಆಡಿಟರ ಪತ್ರ ಬಂದಿದೆಯೇ, ಅದರಲ್ಲಿ ಎಷ್ಟು ಅಂಶಗಳಿವೆ, ಅವುಗಳಲ್ಲಿ ಹೋದ ವರ್ಷದವು ಎಷ್ಟು ಎಂದು ಕೇಳಬಹುದು. ಮೂರನೆಯ ಪ್ರಶ್ನೆಯ ಉತ್ತರದಲ್ಲಿ ಹೆಚ್ಚಿನ ವಿಷಯ ಅಡಗಿದೆ.

ನಮ್ಮ ಉದಾಹರಣೆಯ ಸಂಘ ಕೊನೆಗೆ ಏನು ಮಾಡಬಹುದಿತ್ತು? ಟಿಕೆಟಿಗೆ ನೋಟುಪುಸ್ತಕ ಬಂತು, ಸ್ವಯಂಸೇವಕರ ಸಂಖ್ಯೆಯನ್ನು ಕರಪತ್ರದಿಂದ ತೆಗೆದುಹಾಕಿ ಪೇಬಿಲ್ ಮಾತ್ರ ಮುದ್ರಿಸಲಾಯಿತು, ಮೂರನೆಯವರಿಗೆ ಸಹಿಯ ಅಧಿಕಾರ ದೊರೆಯಿತು ಎನ್ನೋಣ. ಮೊದಲನೆಯ ಅಂಶಕ್ಕೆ ಮಾತ್ರ ಹೊಸ ಜನ ಸಿಗಲಿಲ್ಲ. ಆಗ ಖಜಾಂಚಿಗಳ ಕೆಲಸವನ್ನು ಹಾಗೆಯೇ ಬಿಟ್ಟು, ಬ್ಯಾಂಕಿನ ಮಾಸಿಕ ಪಟ್ಟಿ ಮತ್ತು ಪೇಬಿಲ್ ಪಟ್ಟಿ ಎರಡೂ ನೇರವಾಗಿ ಅಧ್ಯಕ್ಷರ ವಿಳಾಸಕ್ಕೆ ಬರುವಂತೆ ಏರ್ಪಾಡು ಮಾಡಬಹುದು. ಅಧ್ಯಕ್ಷರು ಪ್ರತಿ ತಿಂಗಳು ಮೊದಲ ವಾರ ಅರ್ಧ ಗಂಟೆ ಕುಳಿತು, ಖಜಾಂಚಿಗಳ ತಾಳೆ ಪಟ್ಟಿಯ ಪಕ್ಕದಲ್ಲಿ ಅದನ್ನಿಟ್ಟು, ರಸೀದಿಯ ಕ್ರಮಸಂಖ್ಯೆಯಲ್ಲಿ ಅಂತರವಿದೆಯೇ ಎಂದು ನೋಡಿ, ದಿನಾಂಕದೊಂದಿಗೆ ಸಹಿ ಮಾಡುವುದು. ಮುಂದಿನ ಫೆಬ್ರವರಿಯಲ್ಲಿ ಆಡಿಟರು ಬಂದಾಗ ಮೊದಲು ಕೇಳುವುದು ಆ ಹನ್ನೆರಡು ಸಹಿಗಳನ್ನು. ಹನ್ನೆರಡೂ ಒಂದೇ ಶಾಯಿಯಲ್ಲಿ, ಒಂದೇ ದಿನ ಕುಳಿತು ಹಾಕಿದಂತೆ ಕಂಡರೆ ಅದನ್ನೂ ಅವರು ಗಮನಿಸುತ್ತಾರೆ.